ಗುಳಿಗೆ ಶುರುವಾದ ಮೇಲೆ ಕ್ರಿಯಾಟಿನಿನ್ ಏರಿದರೆ

"ನಮ್ಮಪ್ಪನಿಗೆ 58 ವರ್ಷ. ಶುಗರ್ ಬಂದು ಹನ್ನೊಂದು ವರ್ಷವಾಯಿತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ಟೆಲ್ಮಿಸಾರ್ಟನ್ ನಡೆದಿವೆ. ಮೂತ್ರದಲ್ಲಿ ಆಲ್ಬುಮಿನ್ 420 ಬಂದಿದ್ದರಿಂದ ಡಾಕ್ಟರು ಕಿಡ್ನಿ ಉಳಿಯಲೆಂದು ಡಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ. ಬರೆದುಕೊಟ್ಟರು. ಆಗ 1.4 ಇದ್ದ ಕ್ರಿಯಾಟಿನಿನ್ ಮೂರು ವಾರದಲ್ಲಿ 1.6 ಆಗಿದೆ. ಮೂತ್ರ ಮಾಡುವ ಜಾಗದಲ್ಲಿ ತುರಿಕೆಯೂ ಇದೆ, ಹೇಳಿಕೊಳ್ಳಲು ಅವರಿಗೆ ಸಂಕೋಚ. ಗುಳಿಗೆ ಬಿಡಿಸಬೇಕೇ?"
— ಓದುಗರೊಬ್ಬರು, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ

ಬಿಡಿಸಬೇಡಿ. ಕ್ರಿಯಾಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ. ನೀವು ಬರೆದಿರುವಷ್ಟು ಅದರ ಏರಿಕೆ ಈ ಗುಳಿಗೆಯಿಂದ ನಿರೀಕ್ಷಿಸಿದ್ದೇ. ಅದು ಕಿಡ್ನಿ ಕೆಡುತ್ತಿರುವುದರ ಗುರುತಲ್ಲ, ಕಿಡ್ನಿಯೊಳಗಿನ ಒತ್ತಡ ಇಳಿದಿರುವುದರ ಗುರುತು. ಹೇಗೆಂದು ತಿಳಿಯಲು ಕಿಡ್ನಿಯ ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

ಒಂದೊಂದು ಕಿಡ್ನಿಯಲ್ಲೂ ಲಕ್ಷಗಟ್ಟಲೆ ಸಣ್ಣ ಶೋಧಕಗಳಿವೆ. ಪ್ರತಿಯೊಂದೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲು. ರಕ್ತ ಒಂದು ನಾಳದಿಂದ ಒಳಬಂದು ಇನ್ನೊಂದರಿಂದ ಹೊರಹೋಗುತ್ತದೆ. ನಡುವೆ ಸೋಸಿದ ನೀರು ಒಂದು ನಳಿಕೆಗೆ ಇಳಿಯುತ್ತದೆ. ಹೀಗೆ ದಿನಕ್ಕೆ ಸುಮಾರು 180 ಲೀಟರ್ ಸೋಸಲ್ಪಡುತ್ತದೆ, ಅದರ ಜೊತೆ ಸಕ್ಕರೆಯೂ ಉಪ್ಪೂ ನಳಿಕೆಗೆ ಬರುತ್ತವೆ. ನಳಿಕೆಯ ಮೊದಲ ಭಾಗದಲ್ಲಿರುವ ಎಸ್‌ಜಿಎಲ್‌ಟಿ-2 ಎಂಬ ಪ್ರೋಟೀನು ಸೋಡಿಯಂ ಮತ್ತು ಸಕ್ಕರೆಯನ್ನು ಒಟ್ಟಿಗೆ ಹಿಡಿದು ರಕ್ತಕ್ಕೆ ವಾಪಸು ಕಳಿಸುತ್ತದೆ. ಸೋಸಿದ ಸಕ್ಕರೆಯಲ್ಲಿ ಸುಮಾರು ಶೇ 90 ಭಾಗ ವಾಪಸಾಗುವುದು ಇದರಿಂದಲೇ.

ಶುಗರ್ ಇದ್ದವರಲ್ಲಿ ನಳಿಕೆಗೆ ಬರುವ ಸಕ್ಕರೆ ಹೆಚ್ಚು. ಹಾಗಾಗಿ ಈ ಪ್ರೋಟೀನು ಮಿತಿಮೀರಿ ದುಡಿಯುತ್ತದೆ, ಸಕ್ಕರೆಯ ಜೊತೆಗೆ ಸೋಡಿಯಂ ಅನ್ನೂ ಮೊದಲ ಭಾಗದಲ್ಲೇ ಹೀರಿಬಿಡುತ್ತದೆ. ನಳಿಕೆ ಮುಂದೆ ಹೋಗಿ ತನ್ನ ಶೋಧಕದ ಪಕ್ಕವೇ ಹಾದುಹೋಗುವ ಜಾಗದಲ್ಲಿ ಮ್ಯಾಕ್ಯುಲಾ ಡೆನ್ಸಾ ಎಂಬ ಜೀವಕೋಶಗಳ ಗುಂಪಿದೆ. ಅಲ್ಲಿಗೆ ಎಷ್ಟು ಉಪ್ಪು ತಲುಪಿತೆಂದು ನೋಡಿ, ಒಳಬರುವ ರಕ್ತನಾಳವನ್ನು ಅಗಲ ಮಾಡಬೇಕೋ ಕಿರಿದು ಮಾಡಬೇಕೋ ಎಂಬ ಸಂದೇಶ ಕಳಿಸುವುದು ಅದರ ಕೆಲಸ. ಉಪ್ಪು ಕಡಿಮೆ ಬಂದರೆ ಸೋಸುವಿಕೆ ಸಾಲುತ್ತಿಲ್ಲವೆಂದು ಅದು ತಪ್ಪಾಗಿ ತಿಳಿಯುತ್ತದೆ. ಒಳನಾಳ ಅಗಲವಾಗುತ್ತದೆ, ರಕ್ತ ನುಗ್ಗುತ್ತದೆ, ಶೋಧಕದೊಳಗೆ ಒತ್ತಡ ಏರುತ್ತದೆ. ವರ್ಷಗಟ್ಟಲೆ ಆ ಒತ್ತಡ ತಡೆದುಕೊಂಡ ಶೋಧಕದ ಪೊರೆ ಸಡಿಲಾಗಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ, ಆಮೇಲೆ ಶೋಧಕಗಳು ಒಂದೊಂದಾಗಿ ಗಾಯದ ಕಲೆಯಂತೆ ಗಟ್ಟಿಯಾಗಿ ನಿಂತುಹೋಗುತ್ತವೆ. ನಿಮ್ಮ ತಂದೆಯವರ 420 ಆ ಸೋರಿಕೆಯ ಲೆಕ್ಕ. 30ರ ಒಳಗೆ ಇರಬೇಕಾದ್ದು ಅದು.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್ ಮೂರೂ ಆ ಎಸ್‌ಜಿಎಲ್‌ಟಿ-2 ಪ್ರೋಟೀನನ್ನೇ ತಡೆಯುತ್ತವೆ. ಆಗ ಉಪ್ಪು ಮುಂದಕ್ಕೆ ಹೋಗಿ ಮ್ಯಾಕ್ಯುಲಾ ಡೆನ್ಸಾ ತಲುಪುತ್ತದೆ, ಒಳಬರುವ ನಾಳ ಮತ್ತೆ ಕಿರಿದಾಗುತ್ತದೆ, ಒತ್ತಡ ಇಳಿಯುತ್ತದೆ. ಟೆಲ್ಮಿಸಾರ್ಟನ್ ಹೊರಹೋಗುವ ನಾಳವನ್ನು ಸಡಿಲಿಸಿ ಅದೇ ಒತ್ತಡವನ್ನು ಇನ್ನೊಂದು ತುದಿಯಿಂದ ಇಳಿಸುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ಒತ್ತಡ ಇಳಿದಾಗ ನಿಮಿಷಕ್ಕೆ ಸೋಸುವ ಪ್ರಮಾಣವೂ ಒಂದಿಷ್ಟು ಇಳಿಯಲೇಬೇಕು, ರಕ್ತದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಲೇಬೇಕು. ನಿಮ್ಮ ರಿಪೋರ್ಟಿನಲ್ಲಿ ಕಾಣುತ್ತಿರುವುದು ಇದು.

ಈಗ ಅಂಕಿಗಳನ್ನೇ ಹಿಡಿದು ನೋಡೋಣ. ಕ್ರಿಯಾಟಿನಿನ್, ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕುವ ಸೋಸುವಿಕೆಯ ಅಂದಾಜಿಗೆ ಇಜಿಎಫ್‌ಆರ್ ಎನ್ನುತ್ತಾರೆ. 58 ವರ್ಷದ ಗಂಡಸಿಗೆ 1.4 ಎಂದರೆ ಸುಮಾರು 58, 1.6 ಎಂದರೆ ಸುಮಾರು 50. ಇಳಿಕೆ 8, ಅಂದರೆ ಮೊದಲಿದ್ದುದರಲ್ಲಿ ಶೇ 14ರಷ್ಟು. ಶೇ 30ರವರೆಗೆ ಇಳಿದರೂ ರೋಗಿ ಚೆನ್ನಾಗಿದ್ದರೆ ಗುಳಿಗೆ ಮುಂದುವರಿಸುವುದೇ ರೂಢಿ. ನಿಮ್ಮ ತಂದೆಯವರ ಮಟ್ಟಿಗೆ ಆ ಗಡಿ ಕ್ರಿಯಾಟಿನಿನ್ 1.9ರ ಆಸುಪಾಸು. ಅಷ್ಟು ಏರಿದರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಆಗಲೂ ಅವರು ಮೊದಲು ಹುಡುಕುವುದು ಬೇರೆ ಕಾರಣಗಳನ್ನು: ವಾಂತಿಭೇದಿ ಆಗಿತ್ತೇ, ಮೂತ್ರ ಹೆಚ್ಚಿಸುವ ಗುಳಿಗೆ ಜೊತೆಗಿದೆಯೇ, ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದಾರೆಯೇ. ಈ ಕೊನೆಯದನ್ನು ಇಂದೇ ವಿಚಾರಿಸಿ. ನೋವಿನ ಗುಳಿಗೆಯಿಂದ ಒಳನಾಳ ಇನ್ನಷ್ಟು ಕಿರಿದಾಗುತ್ತದೆ, ಟೆಲ್ಮಿಸಾರ್ಟನ್ ಜೊತೆ ಸೇರಿದಾಗ ಅದು ಕಿಡ್ನಿಗೆ ನಿಜವಾದ ಪೆಟ್ಟು ಕೊಡುತ್ತದೆ.

ಆರಂಭದ ಈ ಇಳಿಕೆಗೆ ಮುಂದೆ ಏನು ಸಿಗುತ್ತದೆ? 2019ರಲ್ಲಿ ಪ್ರಕಟವಾದ ಕ್ರೆಡೆನ್ಸ್ ಅಧ್ಯಯನದಲ್ಲಿದ್ದ 4,401 ಮಂದಿ ನಿಮ್ಮ ತಂದೆಯವರಂಥವರೇ: ಟೈಪ್ 2 ಶುಗರ್, ಆಲ್ಬುಮಿನ್ 300ಕ್ಕಿಂತ ಮೇಲೆ, ಟೆಲ್ಮಿಸಾರ್ಟನ್ ಅಥವಾ ಆ ತರಹದ ಔಷಧಿ ಮೊದಲೇ ನಡೆದಿತ್ತು. ಕ್ಯಾನಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಮೊದಲ ಮೂರು ವಾರ ಇಜಿಎಫ್‌ಆರ್ ಹೆಚ್ಚು ಇಳಿಯಿತು. ಆಮೇಲೆ ಅವರದು ವರ್ಷಕ್ಕೆ 1.85ರಂತೆ, ಹೋಲಿಕೆಗೆಂದು ಔಷಧಿಯಿಲ್ಲದ ಸುಳ್ಳುಗುಳಿಗೆ ತೆಗೆದುಕೊಂಡವರದು 4.59ರಂತೆ ಇಳಿಯಿತು. ಈ ಸರಾಸರಿಯನ್ನೇ ನಿಮ್ಮ ತಂದೆಯವರಿಗೆ ಹಾಕಿ ನೋಡಿ. ಗುಳಿಗೆ ಇಲ್ಲದಿದ್ದರೆ 58ರಿಂದ ಹೊರಟು ಐದು ವರ್ಷಕ್ಕೆ 35. ಗುಳಿಗೆ ಇದ್ದರೆ 50ರಿಂದ ಹೊರಟರೂ ಐದು ವರ್ಷಕ್ಕೆ 41. ಮೂರನೆಯ ವರ್ಷದ ಹೊತ್ತಿಗೆ ಎರಡೂ ಸಮವಾಗಿ, ಅಲ್ಲಿಂದಾಚೆ ಗುಳಿಗೆಯದೇ ಮೇಲುಗೈ. ಒಬ್ಬೊಬ್ಬರಲ್ಲೂ ಲೆಕ್ಕ ಹೀಗೇ ನಡೆಯುವುದಿಲ್ಲ ನಿಜ, ಆದರೆ ದಿಕ್ಕು ಇದೇ. 2020ರ ಡಾಪಾ-ಸಿಕೆಡಿ ಅಧ್ಯಯನದಲ್ಲಿ ನಿಮ್ಮ ತಂದೆಯವರ ಗುಳಿಗೆಯೇ ಶುಗರ್ ಇಲ್ಲದ ಕಿಡ್ನಿ ರೋಗಿಗಳಿಗೂ ಉಪಯೋಗವಾಯಿತು. ಸಕ್ಕರೆ ಇಳಿಸುವ ಶಕ್ತಿಯಷ್ಟರಿಂದಲೇ ಇದು ಕಿಡ್ನಿ ಕಾಯುವುದಿಲ್ಲ ಎನ್ನಲು ಅದಕ್ಕಿಂತ ಪುರಾವೆ ಬೇಡ. ಇಜಿಎಫ್‌ಆರ್ 45ರ ಕೆಳಗೆ ಹೋದಾಗ ಸಕ್ಕರೆ ಇಳಿಸುವ ಶಕ್ತಿ ಕುಗ್ಗುತ್ತದೆ, ಕಿಡ್ನಿಗೆ ಸಿಗುವ ರಕ್ಷಣೆ ಉಳಿಯುತ್ತದೆ.

ಬಿಡಿಸಿದರೆ ಕೆಲವೇ ವಾರಗಳಲ್ಲಿ ಕ್ರಿಯಾಟಿನಿನ್ ಮತ್ತೆ 1.4ಕ್ಕೆ ಬರಬಹುದು. ಅದನ್ನು ಕಂಡು ಗುಳಿಗೆಯದೇ ತಪ್ಪೆಂದುಕೊಳ್ಳಬೇಡಿ. ವಾಪಸು ಬಂದದ್ದು ಆ ಹಳೆಯ ಒತ್ತಡ.

ಇನ್ನು ತುರಿಕೆ. ತಡೆದ ಸಕ್ಕರೆ ಮೂತ್ರದಲ್ಲೇ ಹೋಗಬೇಕಲ್ಲ, ದಿನಕ್ಕೆ ಹತ್ತಾರು ಗ್ರಾಂ ಹೋಗುತ್ತದೆ. ಮುಂದೊಗಲಿನ ಕೆಳಗೆ, ಹೆಂಗಸರಲ್ಲಿ ಯೋನಿಯ ಸುತ್ತ, ಆ ಸಕ್ಕರೆಯ ತೇವಕ್ಕೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುತ್ತದೆ. ಈ ಗುಳಿಗೆಗಳ ಅತಿ ಸಾಮಾನ್ಯ ತೊಂದರೆ ಇದೇ, ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು. ಕೆಂಪಾಗುವುದು, ತುರಿಕೆ, ಮೊಸರಿನಂಥ ಬಿಳಿ ಪದರ ಅದರ ಗುರುತು. ಸಂಕೋಚದಿಂದ ಯಾರಿಗೂ ಹೇಳದೆ ಗುಳಿಗೆಯನ್ನೇ ಬಿಟ್ಟುಬಿಡುವವರಿದ್ದಾರೆ. ನಮ್ಮ ಕಡೆ ಇದು ಹೆಚ್ಚೆಂದೇ ನಮ್ಮ ಅನಿಸಿಕೆ. ಕ್ಲೋಟ್ರಿಮಜೋಲ್ ಶೇ 1 ಮುಲಾಮು ದಿನಕ್ಕೆ ಎರಡು ಸಲ, ಒಂದೆರಡು ವಾರ ಹಚ್ಚಿದರೆ ಬಹುತೇಕ ವಾಸಿಯಾಗುತ್ತದೆ. ಮೂತ್ರ ಮಾಡಿದ ಮೇಲೆ ಬರೀ ನೀರಿನಲ್ಲಿ ತೊಳೆದು, ಮುಂದೊಗಲು ಸರಿಸಿ, ಮೆತ್ತಗೆ ಒರೆಸಿ ಒಣಗಿಸಲಿ. ಸೋಪು ಬೇಡ. ಒಳಉಡುಪು ಹತ್ತಿಯದಿರಲಿ.

ಇಲ್ಲಿ ಎರಡು ಎಚ್ಚರಿಕೆ. ಔಷಧಿ ಅಂಗಡಿಯಲ್ಲಿ ತುರಿಕೆ ಎಂದರೆ ಸ್ಟಿರಾಯ್ಡ್ ಬೆರೆತ ಮುಲಾಮು ಕೊಡುವುದುಂಟು. ಎರಡು ದಿನ ಹಾಯೆನಿಸುತ್ತದೆ, ಆಮೇಲೆ ಶಿಲೀಂಧ್ರ ಇಮ್ಮಡಿಯಾಗುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್ ಅಥವಾ ಬೆಕ್ಲೋಮೆಟಾಸೋನ್ ಎಂದಿದ್ದರೆ ತೆಗೆದುಕೊಳ್ಳಬೇಡಿ. ಇನ್ನೊಂದು, ಫ್ಲುಕೊನಜೋಲ್ ಗುಳಿಗೆಯನ್ನು ನೀವೇ ಕೊಡಬೇಡಿ. ಅದು ಗ್ಲಿಮೆಪಿರೈಡ್ ಅನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸಿ ಶುಗರ್ ಅಪಾಯಕರವಾಗಿ ಇಳಿಸಬಲ್ಲದು. ಜನನಾಂಗ ಮತ್ತು ಗುದದ ನಡುವೆ ಬಾವು, ತಡೆಯಲಾರದ ನೋವು, ಜ್ವರ ಕಂಡರೆ ಅದು ತುರಿಕೆಯ ಮಾತಲ್ಲ. ತೀರ ಅಪರೂಪಕ್ಕೆ ಅಲ್ಲಿನ ಮಾಂಸ ಕೊಳೆಯುವ ಸೋಂಕು ಬರುತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೂತ್ರ ಸ್ವಲ್ಪ ಹೆಚ್ಚಾಗುತ್ತದೆ. ಗುಳಿಗೆಯನ್ನು ಬೆಳಿಗ್ಗೆ ಕೊಟ್ಟರೆ ರಾತ್ರಿ ನಿದ್ದೆ ಕೆಡುವುದಿಲ್ಲ. ನಮ್ಮ ಜಿಲ್ಲೆಯ ಏಪ್ರಿಲ್-ಮೇ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದ ದಿನ ಹೊಲದಲ್ಲಿ ನಿಂತು ಬೆವರಿದರೆ ದೇಹದ ನೀರು ಎರಡು ಕಡೆಯಿಂದ ಹೋಗುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆಯಾದರೆ ಬಿಪಿ ನೋಡಿಸಿ. ಮೇಲಿನ ಅಂಕಿ 100ರ ಕೆಳಗಿದ್ದರೆ ಡಾಕ್ಟರಿಗೆ ತಿಳಿಸಿ, ಬಿಪಿ ಗುಳಿಗೆ ಕಡಿಮೆ ಮಾಡಬೇಕಾದೀತು.

ನಾವು ಎಲ್ಲಕ್ಕಿಂತ ಒತ್ತಿ ಹೇಳುವುದು ಕೀಟೋಆಸಿಡೋಸಿಸ್ ಬಗ್ಗೆ. ಅಪರೂಪವಾದರೂ ಜೀವಕ್ಕೆ ಅಪಾಯ. ಊಟ ನಿಂತಾಗ ದೇಹ ಕೊಬ್ಬು ಕರಗಿಸಿ ಕೀಟೋನ್ ಎಂಬ ಆಮ್ಲ ತಯಾರಿಸುತ್ತದೆ, ಈ ಗುಳಿಗೆ ಅದನ್ನು ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಆಗ ಶುಗರ್ 300, 400 ಇರುತ್ತದೆ. ಈ ಗುಳಿಗೆಯಲ್ಲಿ ಸಕ್ಕರೆ ಮೂತ್ರಕ್ಕೆ ಹೋಗುತ್ತಿರುವುದರಿಂದ ಮೀಟರ್ 180 ಎಂದೇ ತೋರಿಸಬಹುದು, ಮನೆಯವರು "ಶುಗರ್ ಸರಿ ಇದೆ, ಪಿತ್ತವಾಗಿರಬೇಕು" ಎಂದು ಸುಮ್ಮನಾಗುತ್ತಾರೆ. ವಾಂತಿ, ಹೊಟ್ಟೆನೋವು, ಜೋರು ಉಸಿರು, ವಿಪರೀತ ಸುಸ್ತು ಇದ್ದರೆ ಮೀಟರನ್ನು ನಂಬದೆ ಆಸ್ಪತ್ರೆಗೆ ಹೋಗಿ, ಯಾವ ಗುಳಿಗೆ ನಡೆದಿದೆ ಎಂದು ಹೇಳಿ ಕೀಟೋನ್ ಪರೀಕ್ಷೆ ಕೇಳಿ.

ಹಾಗಾಗಿ ವಾಂತಿಭೇದಿ, ಜೋರು ಜ್ವರ, ಊಟ ಸೇರದ ದಿನ ಈ ಗುಳಿಗೆ ನಿಲ್ಲಿಸಿ. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಬಗ್ಗೆಯೂ ಅದೇ ದಿನ ಡಾಕ್ಟರನ್ನು ಕೇಳಿ. ಒಂದೆರಡು ದಿನ ಎಂದಿನಂತೆ ಉಂಡು ನೀರು ಕುಡಿದ ಮೇಲೆ ಮತ್ತೆ ಶುರು ಮಾಡಿ. ಮರೆತು ಬಿಟ್ಟೇಬಿಡುವುದೂ ತಪ್ಪು. ಏಕಾದಶಿಯ ನಿರಾಹಾರವಿರಲಿ, ಬೇರೆ ಮನೆಗಳಲ್ಲಿ ರೋಜಾ ಇರಲಿ, ದಿನವಿಡೀ ಉಪವಾಸವಿದ್ದರೆ ಮೊದಲೇ ಡಾಕ್ಟರೊಡನೆ ಮಾತಾಡಬೇಕು. ದೊಡ್ಡ ಆಪರೇಷನ್ ಇದ್ದರೆ ಮೂರು ದಿನ ಮುಂಚೆ ನಿಲ್ಲಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಮಾತ್ರ ತಾವಾಗಿ ನಿಲ್ಲಿಸಕೂಡದು.

ಒಂದು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಿ. ಮೂರು ತಿಂಗಳಿಗೆ ಬೆಳಗಿನ ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿ. 420 ಇದ್ದದ್ದು 300ರ ಹತ್ತಿರ ಅಥವಾ ಕೆಳಗೆ ಬಂದಿದ್ದರೆ ಗುಳಿಗೆ ಕೆಲಸ ಮಾಡುತ್ತಿದೆ. ಮೂತ್ರದ ರಿಪೋರ್ಟಿನಲ್ಲಿ ಸಕ್ಕರೆಯ ಮುಂದೆ ಮೂರು ನಾಲ್ಕು ಪ್ಲಸ್ ಇದ್ದೇ ಇರುತ್ತದೆ. ಅದಕ್ಕಾಗಿ ಶುಗರ್ ಗುಳಿಗೆ ಹೆಚ್ಚಿಸಬೇಕಿಲ್ಲ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತದ ಎಚ್‌ಬಿಎ1ಸಿ ನೋಡಿಯೇ ನಿರ್ಧಾರವಾಗಲಿ.