ಬಿರುಕನ್ನು ಅದುಮಿ ಹಿಡಿಯುವ ಜಿರ್ಕೋನಿಯಾ

ಪ್ರಶ್ನೆ: ಸೆರಾಮಿಕ್ ಅಂದ್ರೆ ತಟ್ಟನೆ ಒಡೆಯೋದು. ಜಿರ್ಕೋನಿಯಾ ಮಾತ್ರ ಬಿರುಕು ತಡೆಯುತ್ತೆ ಅಂತಾರೆ, ಹೇಗೆ? ಹಾಗಿದ್ರೆ ಎಲ್ಲಾ ಕಡೆ ಅದನ್ನೇ ಬಳಸಬಹುದಲ್ವಾ?

ಎಲ್ಲಾ ಕಡೆ ಆಗುವುದಿಲ್ಲ. ಬಿರುಕು ತಡೆಯುವ ಗುಣವೇ ಕೆಲವು ಕಡೆ ಅದಕ್ಕೆ ಮುಳುವಾಗುತ್ತದೆ.

ಶುದ್ಧ ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಆಕ್ಸೈಡ್, ಸುಮಾರು 1170 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಟೆಟ್ರಾಗೋನಲ್ ಎಂಬ ಹರಳಿನ ರೂಪದಲ್ಲಿರುತ್ತದೆ. ತಣ್ಣಗಾಗುವಾಗ ಅದು ಮೊನೊಕ್ಲಿನಿಕ್ ಎಂಬ ಇನ್ನೊಂದು ರೂಪಕ್ಕೆ ಬದಲಾಗಿ ಶೇ. 4-5ರಷ್ಟು ಹಿಗ್ಗುತ್ತದೆ, ಆ ಹಿಗ್ಗಿಗೇ ವಸ್ತು ಸೀಳಿಹೋಗುತ್ತದೆ. ಅದಕ್ಕೇ ಸುಮಾರು 3 ಮೋಲ್ ಶೇಕಡಾ ಯಟ್ರಿಯಾ, ಅಂದರೆ ಯಟ್ರಿಯಂ ಆಕ್ಸೈಡ್, ಬೆರೆಸುತ್ತಾರೆ, ವಸ್ತುವಿನೊಳಗಿನ ಸಣ್ಣ ಹರಳುಗಳಾದ ಗ್ರೇನ್‌ಗಳನ್ನು ಅರ್ಧ ಮೈಕ್ರಾನ್ ಆಸುಪಾಸಿನಲ್ಲೇ ಇಡುತ್ತಾರೆ. ಆಗ ಟೆಟ್ರಾಗೋನಲ್ ರೂಪ ತಣ್ಣಗಾದ ಮೇಲೂ ಉಳಿಯುತ್ತದೆ. ಗ್ರೇನ್ ಬದಲಾಗಲು ಕಾಯುತ್ತಲೇ ಇರುತ್ತದೆ, ಆದರೆ ಸುತ್ತಲಿನವು ಹಿಗ್ಗಲು ಬಿಡುವುದಿಲ್ಲ.

ಈಗ ಒಂದು ಬಿರುಕು ಬಂತು ಅನ್ನಿ. ಅದರ ತುದಿಯಲ್ಲಿ ಎಳೆತ ಜಾಸ್ತಿ, ಆ ಎಳೆತಕ್ಕೆ ಹಿಡಿತ ಸಡಿಲವಾಗಿ ಹತ್ತಿರದ ಗ್ರೇನ್‌ಗಳು ಮೊನೊಕ್ಲಿನಿಕ್ ಆಗಿ ಹಿಗ್ಗುತ್ತವೆ. ಇಲ್ಲಿ ಬಹಳ ಜನ ಗಮನಿಸದ ವಿಷಯ ಒಂದಿದೆ: ತುದಿಯ ಮುಂದೆ ಹಿಗ್ಗಿದ ಗ್ರೇನ್‌ಗಳಿಂದ ಹೆಚ್ಚು ಲಾಭವಿಲ್ಲ. ಬಿರುಕು ಮುಂದೆ ಸಾಗಿ, ಹಿಗ್ಗಿದ ಪಟ್ಟಿ ಅದರ ಎರಡೂ ಬದಿಗೆ ಉಳಿದಾಗಲೇ ಅದು ಬಿರುಕನ್ನು ಅದುಮಿ ಮುಚ್ಚಲು ನೋಡುತ್ತದೆ. ಅದಕ್ಕೇ ಬಿರುಕು ಬೆಳೆದಷ್ಟೂ, ಒಂದು ಮಿತಿಯವರೆಗೆ, ಅದನ್ನು ಇನ್ನೂ ಬೆಳೆಸುವುದು ಕಷ್ಟವಾಗುತ್ತಾ ಹೋಗುತ್ತದೆ. ಲೆಕ್ಕ ನೋಡಿ. ಅಲ್ಯುಮಿನಾದ ಬಿರುಕು ತಡೆಯುವ ಶಕ್ತಿ ಸುಮಾರು 4 (ಮೆಗಾಪಾಸ್ಕಲ್ ಗುಣಿಸು ಮೀಟರ್‌ನ ವರ್ಗಮೂಲ), ಯಟ್ರಿಯಾ ಬದಲು ಮೆಗ್ನೀಶಿಯಾ ಬೆರೆಸಿದ ಒಳ್ಳೆಯ ಜಿರ್ಕೋನಿಯಾದ್ದು 10ರ ಹತ್ತಿರ. ಅಂದರೆ ಅದೇ ಎಳೆತದಲ್ಲಿ ಎರಡೂವರೆಯ ವರ್ಗದಷ್ಟು, ಸುಮಾರು ಆರು ಪಟ್ಟು ಉದ್ದದ ಬಿರುಕಿದ್ದರೂ ಅದು ತಾಳುತ್ತದೆ.

ತೊಂದರೆ ಇರುವುದು ನೀರಲ್ಲಿ. ಯಟ್ರಿಯಾ ಹಾಕಿದ್ದನ್ನು ತೇವದಲ್ಲಿ, ಅದರಲ್ಲೂ 200-300 ಡಿಗ್ರಿ ಆಸುಪಾಸಿನಲ್ಲಿ ಇಟ್ಟರೆ, ಬಿರುಕೇ ಇಲ್ಲದೆ ಮೇಲ್ಮೈ ಗ್ರೇನ್‌ಗಳು ತಾವಾಗಿಯೇ ಬದಲಾಗುತ್ತವೆ. ಒಂದು ಹಿಗ್ಗಿದರೆ ಪಕ್ಕದ್ದಕ್ಕೂ ಎಳೆತ, ಸಣ್ಣ ಬಿರುಕುಗಳು, ಅವುಗಳಿಂದ ನೀರು ಇನ್ನೂ ಒಳಕ್ಕೆ. ಮೈಯ ಉಷ್ಣತೆಯಲ್ಲೂ ಇದು ನಡೆಯುತ್ತದೆ, ನಿಧಾನವಾಗಿ. 2001ರ ಹೊತ್ತಿಗೆ ಸೊಂಟದ ಕೀಲಿಗೆ ಹಾಕಿದ ಜಿರ್ಕೋನಿಯಾ ಗುಂಡುಗಳು ನೂರಾರು ರೋಗಿಗಳ ಮೈಯೊಳಗೇ ಒಡೆದವು, ಬಹುಪಾಲು ಒಂದೇ ತಯಾರಕರ ಕೆಲವು ಬ್ಯಾಚ್‌ಗಳವು. ಸುಡುವ ಕುಲುಮೆ ಬದಲಾದ ನಂತರ ತಯಾರಾದ ಗುಂಡುಗಳವು. ಪುಡಿ ಚೆನ್ನಾಗಿದ್ದರೆ ಸಾಲದು, ಸುಡುವುದರಲ್ಲಿ ಸ್ವಲ್ಪ ಏರುಪೇರಾದರೂ ಆಪತ್ತು. ಎಕ್ಸ್-ರೇ ಡಿಫ್ರಾಕ್ಷನ್ ಮಾಡಿದರೆ ಸುಳಿವು ಸಿಗುತ್ತದೆ: 30 ಡಿಗ್ರಿ ಕೋನದ ಟೆಟ್ರಾಗೋನಲ್ ಶಿಖರದ ಪಕ್ಕ 28ರ ಬಳಿ ಮೊನೊಕ್ಲಿನಿಕ್ ಶಿಖರ ಏಳತೊಡಗಿದರೆ ಮೇಲ್ಮೈ ಬದಲಾಗುತ್ತಿದೆ ಅಂತಲೇ ಅರ್ಥ.

ಬಿಸಿಯಲ್ಲಿ ಇನ್ನೊಂದು ಮಿತಿ. ಉಷ್ಣತೆ ಏರಿದಂತೆ ಟೆಟ್ರಾಗೋನಲ್ ರೂಪವೇ ಸ್ಥಿರವಾಗುತ್ತದೆ, ಬದಲಾಗುವ ತವಕ ಕಡಿಮೆಯಾಗುತ್ತದೆ, ಬಿರುಕಿಗೆ ತಡೆಯೂ ಕಡಿಮೆ. ಅಂಥ ಕಡೆ ನಾನಾದರೆ ಸಿಲಿಕಾನ್ ನೈಟ್ರೈಡ್ ನೋಡುತ್ತೇನೆ. ಅದರ ಉದ್ದುದ್ದ ಗ್ರೇನ್‌ಗಳು ಬಿರುಕಿಗೆ ಅಡ್ಡಲಾಗಿ ಸೇತುವೆಯಂತೆ ನಿಂತು ಎರಡು ಬದಿಯನ್ನೂ ಹಿಡಿದುಕೊಳ್ಳುತ್ತವೆ, ಇದಕ್ಕೆ ರೂಪ ಬದಲಾವಣೆಯೇ ಬೇಕಿಲ್ಲ. ಆದರೆ ಗ್ರೇನ್ ಗಡಿಗಳು ಸ್ವಲ್ಪ ದುರ್ಬಲವಾಗಿರಬೇಕು, ತೀರಾ ಗಟ್ಟಿಯಾಗಿ ಅಂಟಿದ್ದರೆ ಬಿರುಕು ಗ್ರೇನನ್ನೇ ಸೀಳಿಕೊಂಡು ಹೋಗುತ್ತದೆ.