ರಿಟ್ರೀಟ್‌ಗೆ ಪ್ರಪೋಸಲ್ ಕರೆಯುವಾಗ ಬಜೆಟ್ ಹೇಳಬೇಕಾ?

"ಆಫೀಸಿನ ವಾರ್ಷಿಕ ರಿಟ್ರೀಟ್‌ಗೆ ಇವೆಂಟ್ ಪ್ಲಾನರ್‌ಗಳಿಂದ ಪ್ರಪೋಸಲ್ ಕೇಳಬೇಕು. ಸುಮಾರು 80 ಜನ, ಎರಡು ರಾತ್ರಿ. ಬಜೆಟ್ ಬರೆಯಬೇಕಾ, ಮುಚ್ಚಿಡಬೇಕಾ? ತಾರೀಖು ಇನ್ನೂ ಪಕ್ಕಾ ಆಗಿಲ್ಲ."

ಬರೆಯಿರಿ. ಬಜೆಟ್ ಹೇಳಿದರೆ ಅಷ್ಟಕ್ಕೇ ಕೋಟ್ ಮಾಡ್ತಾರೆ ಅಂತ ಕೆಲವರು ಹೇಳ್ತಾರೆ. ಅರ್ಧ ನಿಜ. ಆದರೆ ಮುಚ್ಚಿಟ್ಟರೆ ಒಬ್ಬರು ದೊಡ್ಡ ರೆಸಾರ್ಟ್ ತೋರಿಸ್ತಾರೆ, ಇನ್ನೊಬ್ಬರು ಸಾದಾ ಹಾಸ್ಟೆಲ್ ತೋರಿಸ್ತಾರೆ. ಹೋಲಿಸೋದು ಹೇಗೆ?

ಮುಖ್ಯವಾದದ್ದು, ಆ ಮೊತ್ತದಲ್ಲಿ ಏನೇನು ಸೇರಿದೆ ಅಂತ ಬರೆಯೋದು. ನಿಮ್ಮ ಮಿತಿ 100 ಅಂದುಕೊಳ್ಳಿ. ಒಬ್ಬರು 82 ಅಂದರು, ಇನ್ನೊಬ್ಬರು ಎಲ್ಲ ಸೇರಿ 97. ಮೊದಲನೆಯದೇ ಅಗ್ಗ ಅನ್ನಿಸುತ್ತೆ. ಕೆಳಗಿನ ಸಣ್ಣ ಅಕ್ಷರ ಓದಿದರೆ ತೆರಿಗೆ, ಸರ್ವಿಸ್ ಚಾರ್ಜ್ ಬೇರೆ. ಅದು 13. ಸೌಂಡ್, ಪ್ರೊಜೆಕ್ಟರ್ 6. ಬಸ್ಸು 9. ಒಟ್ಟು 110 ಆಯ್ತಲ್ವಾ? ಅದಕ್ಕೇ "ತೆರಿಗೆ, ಪ್ರಯಾಣ, ಪ್ಲಾನರ್ ಶುಲ್ಕ ಎಲ್ಲ ಸೇರಿ ಇಷ್ಟು ಮೀರಬಾರದು" ಅಂತ ಬರೆದು, ಪ್ರತಿ ಬಾಬ್ತನ್ನೂ ಬಿಡಿಸಿ ತೋರಿಸೋಕೆ ಹೇಳಿ.

ತಾರೀಖಿಗೆ ಒಂದು ಮೊದಲ ಆಯ್ಕೆ, ಎರಡು ಬದಲಿ ಕೊಡಿ. ಆಗೋದೇ ಇಲ್ಲ ಅನ್ನೋ ದಿನಗಳನ್ನೂ ಬರೆಯಿರಿ. ವಾರದ ಮಧ್ಯೆ ಹೋಗೋಕೆ ಆಗುತ್ತೆ ಅಂದರೆ ಅದನ್ನು ಹೇಳಲೇಬೇಕು, ದರದಲ್ಲಿ ಚೌಕಾಸಿಗೆ ಜಾಗ ಸಿಗೋದು ಅಲ್ಲೇ.

"80 ಜನಕ್ಕೆ ಹಾಲ್" ಅಂತ ಮಾತ್ರ ಬರೆದರೆ ಮೋಸ ಹೋಗ್ತೀರಿ. ಸಾಲಾಗಿ ಕುರ್ಚಿ ಹಾಕಿದರೆ 80 ಜನ ಹಿಡಿಸುವ ಕೋಣೆಯಲ್ಲಿ ಎಂಟೆಂಟು ಜನರ ದುಂಡು ಮೇಜು ಹಾಕಿ ನೋಡಿ, ಅರ್ಧ ಜನ ಹೊರಗೇ. ಭಾಷಣವಾ, ಗುಂಪು ಚರ್ಚೆಯಾ, ಎಷ್ಟು ಗಂಟೆ, ಚಿಕ್ಕ ಕೋಣೆಗಳು ಎಷ್ಟು, ಇಷ್ಟನ್ನೂ ಬರೆಯಿರಿ. ಸಾಮಾನು ಜೋಡಿಸೋಕೆ ಹಿಂದಿನ ಸಂಜೆ ಹಾಲ್ ಬೇಕಾದರೆ ಅದನ್ನೂ ಸೇರಿಸಿ.

ಜನರ ಸಂಖ್ಯೆ ಕೊನೆಗೆ ಇಳಿಯೋದು ಸಾಮಾನ್ಯ. "68 ಖಚಿತ, 80ರವರೆಗೆ ಆಗಬಹುದು" ಅನ್ನಿ. ಯಾವ ದಿನದವರೆಗೆ ದಂಡವಿಲ್ಲದೆ ಕಡಿಮೆ ಮಾಡಬಹುದು, ರದ್ದಾದರೆ ಎಷ್ಟು ವಾಪಸ್ ಅಂತ ಪ್ರಪೋಸಲ್‌ನಲ್ಲೇ ಕೇಳಿ. ಮುಂಗಡ ಕೊಟ್ಟ ಮೇಲೆ ಕೇಳಿದರೆ ಆ ಉತ್ತರ ಬೇರೆಯೇ ಇರುತ್ತೆ.

ಶುಲ್ಕ ಶೇಕಡಾ ಲೆಕ್ಕದಲ್ಲಿದ್ದರೆ ಬಿಲ್ಲು ಬೆಳೆದಷ್ಟೂ ಪ್ಲಾನರ್‌ಗೆ ಲಾಭ. ನನಗೆ ಒಂದೇ ನಿಗದಿ ಮೊತ್ತ ಇಷ್ಟ. ಆದರೆ ಕೆಲಸ ಮಧ್ಯದಲ್ಲಿ ಹೆಚ್ಚಾದರೆ ಅವರು ಕೈಬಿಡ್ತಾರೆ ಅನ್ನೋರೂ ಇದ್ದಾರೆ, ಅದನ್ನು ತಳ್ಳಿಹಾಕೋಕೆ ಆಗಲ್ಲ. ಹೇಗೇ ಇರಲಿ, ಹೋಟೆಲ್‌ನಿಂದ ಕಮಿಷನ್ ಬರುತ್ತಾ ಅಂತ ನೇರವಾಗಿ ಕೇಳಿ.

ಕೊನೆಗೆ ಇನ್ನೊಂದು ವಿಷಯ: ಕುಟುಂಬ ಬರ್ತಾರಾ ಇಲ್ವಾ ಅನ್ನೋದನ್ನು ಪ್ರಪೋಸಲ್ ಕೇಳುವ ಪತ್ರ ಕಳಿಸುವ ಮೊದಲೇ ಮ್ಯಾನೇಜ್‌ಮೆಂಟ್ ಹತ್ತಿರ ಬರಹದಲ್ಲಿ ತಗೊಳ್ಳಿ. ಆಮೇಲೆ ಮೂರು ನಾಲ್ಕು ಪ್ಲಾನರ್‌ಗಳಿಗೆ ಒಂದೇ ಪತ್ರ ಕಳಿಸಿ, ಒಬ್ಬರ ಪ್ರಶ್ನೆಗೆ ಕೊಟ್ಟ ಉತ್ತರ ಎಲ್ಲರಿಗೂ ಹೋಗಲಿ.