ಹಿಂಬದಿಯಲ್ಲಿ ಡಿಸೈನ್ ಕಂಡ ಮಾತ್ರಕ್ಕೆ ಕೈಗಂಟಿನ ಕಾರ್ಪೆಟ್ಟಾ?

ಪ್ರಶ್ನೆ: ದಾವಣಗೆರೆಯಲ್ಲಿ ಒಂದು ಎಕ್ಸಿಬಿಷನ್ ಸೇಲ್‌ನಲ್ಲಿ 4×6 ಅಡಿ ಕಾರ್ಪೆಟ್ ನೋಡಿದೆ. ಹೊಸದು, ಕಾಶ್ಮೀರದ್ದು, ಕೈಯಲ್ಲೇ ಗಂಟು ಹಾಕಿದ್ದು, ಚದರ ಇಂಚಿಗೆ 200 ಗಂಟು, 14 ಸಾವಿರ ಅಂತಾರೆ. ತಿರುಗಿಸಿದರೆ ಹಿಂದೆಯೂ ಡಿಸೈನ್ ಕಾಣುತ್ತೆ, ಕುಚ್ಚು ಇದೆ, ಬಣ್ಣದಲ್ಲಿ ಏರುಪೇರೂ ಇದೆ. ನಾಲ್ಕು ಫೋಟೋ ಹಾಕಿದ್ದೀನಿ. ನಿಜವಾಗಲೂ ಕೈಯದ್ದಾ, ಮಷೀನಿನದ್ದಾ? ನಾಳಿದ್ದು ಸೇಲ್ ಮುಗಿಯುತ್ತೆ.

ಮಷೀನಿನದ್ದು ಸರ್. ನಾಲ್ಕೂ ಫೋಟೋ ದೊಡ್ಡದು ಮಾಡಿ ನೋಡಿಯೇ ಹೇಳ್ತಿದ್ದೀನಿ. ಯಾಕೆ ಅಂತ ಬಿಡಿಸಿ ಬರೀತೀನಿ, ಏಕೆಂದರೆ ಅವರು ನಿಮಗೆ ತೋರಿಸಿದ ಮೂರು ಗುರುತುಗಳನ್ನೂ ಇವತ್ತು ಮಷೀನು ಕೊಡುತ್ತೆ.

ನಮ್ಮದು ಚಳ್ಳಕೆರೆ ಕಡೆ ಕಂಬಳಿ ನೇಯೋ ಮನೆ. ಚಿಕ್ಕಂದಿನಿಂದ ಹಾಸು, ಹೊಕ್ಕು ನೋಡ್ಕೊಂಡೇ ಬೆಳೆದವನು. ಆಮೇಲೆ ನಾಲ್ಕು ವರ್ಷ ಉತ್ತರಪ್ರದೇಶದ ಭದೋಹಿಯಲ್ಲಿ ಕಾರ್ಪೆಟ್ ಕೆಲಸ ಕಲಿತೆ. ಈಗ ಚಿತ್ರದುರ್ಗದಲ್ಲಿ ಹಳೆ ಕಾರ್ಪೆಟ್ ತೊಳೆಯೋದು, ಅಂಚು ಕಟ್ಟೋದು, ರಿಪೇರಿ ಮಾಡೋದು.

ಮೊದಲು ಹಿಂಬದಿ. "ಹಿಂದೆ ಡಿಸೈನ್ ಕಂಡರೆ ಕೈಯದ್ದು" ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತೆ. ಅದರಿಂದ ಗೊತ್ತಾಗೋದು ಒಂದೇ: ಇದು ಟಫ್ಟೆಡ್ ಅಲ್ಲ. ಟಫ್ಟೆಡ್ ಅಂದರೆ ಗನ್ನಿನಂಥ ಸಾಧನದಿಂದ ಬಟ್ಟೆಗೆ ಉಣ್ಣೆ ಚುಚ್ಚಿ, ಹಿಂದೆ ರಬ್ಬರ್ ಅಂಟು ಬಳಿದು, ಮೇಲೊಂದು ಬಟ್ಟೆ ಅಂಟಿಸಿರೋದು. ಅದರ ಹಿಂಬದಿಯಲ್ಲಿ ಬರೀ ಬಟ್ಟೆ ಕಾಣುತ್ತೆ. ಮಷೀನ್ ಮಗ್ಗದಲ್ಲಿ ನೇಯ್ದದ್ದಕ್ಕೆ ಆ ಬಟ್ಟೆ ಬೇಕಿಲ್ಲ, ಹಾಗಾಗಿ ಹಿಂದೆಯೂ ಹೂವು ಬಳ್ಳಿ ಚೆನ್ನಾಗಿಯೇ ಕಾಣುತ್ತೆ. ಡಿಸೈನ್ ಕಾಣುತ್ತಾ ಅಂತ ನೋಡಿದರೆ ಸಾಲದು. ಆ ಡಿಸೈನು ಯಾವುದರಿಂದ ಆಗಿದೆ ಅಂತ ನೋಡಬೇಕು.

ಕೈಯಲ್ಲಿ ಮಾಡುವಾಗ ನೇಕಾರ ಉದ್ದಕ್ಕೆ ಬಿಗಿದ ಹಾಸಿನ ಎರಡು ಎಳೆ ಹಿಡಿದು, ಅದಕ್ಕೆ ಉಣ್ಣೆ ಸುತ್ತಿ, ತುದಿ ಮುಂದಕ್ಕೆಳೆದು ಕತ್ತರಿಸ್ತಾನೆ. ಅದು ಒಂದು ಗಂಟು. ಅಗಲಕ್ಕೆ ಒಂದು ಸಾಲು ಗಂಟು ಮುಗಿದ ಮೇಲೆ ಅಡ್ಡಕ್ಕೆ ಹೊಕ್ಕಿನ ದಾರ ಹಾಯಿಸಿ, ಕಬ್ಬಿಣದ ಬಾಚಣಿಗೆಯಂಥ ಪಂಜಾದಿಂದ ಬಡಿದು ಕೂರಿಸ್ತಾನೆ. ಹಿಂದೆ ತಿರುಗಿಸಿದರೆ ಒಂದೊಂದು ಗಂಟೂ ಒಂದು ಪುಟ್ಟ ಕಾಳಿನ ಹಾಗೆ ಕೂತಿರುತ್ತೆ. ಒಂದು ಕಾಳು ಸ್ವಲ್ಪ ದಪ್ಪ, ಪಕ್ಕದ್ದು ಸ್ವಲ್ಪ ಓರೆ. ಸಾಲಿನ ನಡುವೆ ಹೊಕ್ಕಿನ ದಾರ ಒಂದು ಕಡೆ ಇಣುಕಿ, ಇನ್ನೊಂದು ಕಡೆ ಗಂಟಿನಡಿ ಮುಚ್ಚಿಹೋಗಿರುತ್ತೆ. ಸಾಲು ನೇರ ಇದ್ದ ಹಾಗೆ ಕಂಡರೂ ಒಂದಡಿ ಉದ್ದಕ್ಕೆ ಕಣ್ಣು ಓಡಿಸಿದರೆ ಸಣ್ಣಗೆ ಅಲೆ ಸಿಗುತ್ತೆ.

ಮಷೀನಿನಲ್ಲಿ ಗಂಟೇ ಇಲ್ಲ. ಉಣ್ಣೆಯೋ ಪ್ಲಾಸ್ಟಿಕ್ಕೋ ಆದ ಎಳೆ ಹೊಕ್ಕಿನ ಸುತ್ತ ಬಾಗಿ ಮೇಲೆದ್ದು ನಿಲ್ಲುತ್ತೆ, ಅಷ್ಟೇ. ಒಂದು ಬಣ್ಣ ಮೇಲೆ ಬೇಕಿಲ್ಲದ ಜಾಗದಲ್ಲಿ ಆ ಎಳೆ ಕಾರ್ಪೆಟ್ಟಿನ ಮೈಯೊಳಗೇ ಮಲಗಿಕೊಂಡು ಮುಂದೆ ಹೋಗುತ್ತೆ. ನಿಮ್ಮ ಎರಡನೇ ಫೋಟೋದಲ್ಲಿ ಕ್ರೀಮ್ ಬಣ್ಣದ ಖಾಲಿ ಜಾಗ ನೋಡಿ. ಅದರೊಳಗೆ ಉದ್ದುದ್ದಕ್ಕೆ ಮಸುಕಾಗಿ ಕೆಂಪು, ನೀಲಿ ಗೆರೆ ಇಣುಕ್ತಿವೆ. ಆ ಜಾಗದಲ್ಲಿ ಕೆಂಪಿಗೂ ನೀಲಿಗೂ ಕೆಲಸವೇ ಇಲ್ಲ. ಕೈಗಂಟಿನಲ್ಲಿ ಪ್ರತಿ ಗಂಟಿಗೂ ಎಳೆ ಕತ್ತರಿಸೋದರಿಂದ ಹೀಗೆ ಉದ್ದಕ್ಕೆ ಬಣ್ಣ ಹರಿಯೋಕೆ ದಾರಿಯೇ ಇಲ್ಲ. ಈ ಗೆರೆ ಎಲ್ಲ ಮಷೀನ್ ಕಾರ್ಪೆಟ್ಟಿನಲ್ಲೂ ಕಾಣಲ್ಲ, ಆದರೆ ಕಂಡರೆ ಅಲ್ಲಿಗೆ ತೀರ್ಮಾನ ಆಯ್ತು. ಜೊತೆಗೆ ಅಡ್ಡ ಹೋಗಿರೋ ಬಿಳಿ ಗೆರೆಗಳು ಅಳತೆಪಟ್ಟಿ ಇಟ್ಟು ಎಳೆದ ಹಾಗೆ, ಒಂದೇ ಅಂತರ, ಎಲ್ಲೂ ಮುಚ್ಚಿಲ್ಲ.

ನೀವು ಟೇಪ್ ಇಟ್ಟು ಫೋಟೋ ತೆಗೆದದ್ದು ತುಂಬ ಒಳ್ಳೇದಾಯ್ತು. ಉದ್ದಕ್ಕೆ ಒಂದಿಂಚಿನಲ್ಲಿ ಎಷ್ಟು ಸಾಲು ಅಂತ ಮೂಲೆಯಲ್ಲಿ, ನಡುವೆ, ಅಂಚಿನಲ್ಲಿ ಎಣಿಸಿದೆ. ಮೂರು ಕಡೆಯೂ 15. ಕೈಯಲ್ಲಿ ಮಾಡಿದ್ದರಲ್ಲಿ ಅಗಲದ ಲೆಕ್ಕ ಹೆಚ್ಚು ಬದಲಾಗಲ್ಲ, ಯಾಕೆಂದರೆ ಹಾಸು ಮೊದಲೇ ಬಿಗಿದಿರುತ್ತೆ. ಉದ್ದದ ಲೆಕ್ಕ ಮಾತ್ರ ಪಂಜಾ ಬಡಿಯೋ ಕೈಯ ಮೇಲೆ ನಿಂತಿದೆ. ಬೆಳಿಗ್ಗೆ ಬಡಿದ ಬಿಗಿ ಸಂಜೆಗೆ ಇರಲ್ಲ. ಒಂದು ಕಡೆ 14, ಇನ್ನೊಂದು ಕಡೆ 16 ಬಂದಿದ್ದರೆ ನನಗೆ ಆಸೆ ಹುಟ್ಟುತ್ತಿತ್ತು.

ಮುಂದೆ ನೀವೇ ಎಣಿಸುವಾಗ ಒಂದು ಎಚ್ಚರ. ಕೆಲವು ಗಂಟು ಹಿಂದೆ ಎರಡು ಕಾಳಾಗಿ ಕಾಣುತ್ತೆ. ಡಿಸೈನಿನ ಅತಿ ತೆಳ್ಳನೆಯ ನಿಂತ ಗೆರೆ ಹುಡುಕಿ. ಅದು ಕೂಡ ಎರಡು ಕಾಳು ಅಗಲ ಇದ್ದರೆ ಆ ಜೋಡಿಯನ್ನು ಒಂದೇ ಗಂಟು ಅಂತ ಲೆಕ್ಕ ಹಿಡಿಯಬೇಕು. ಇಲ್ಲದಿದ್ದರೆ 100 ಗಂಟಿನದ್ದನ್ನು 200 ಅಂತ ಎಣಿಸಿ ದುಡ್ಡು ಕೊಡ್ತೀರಿ.

ಇನ್ನು ಕುಚ್ಚು. ರೇಷ್ಮೆ ಸೀರೆ ಸೆರಗಿಗೆ ಕುಚ್ಚು ಕಟ್ಟಿಸೋದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಸೆರಗಿನ ತುದಿಯಲ್ಲಿ ಉಳಿದ ಸೀರೆಯದೇ ಎಳೆ ಸೇರಿಸಿ ಗಂಟು ಹಾಕೋದು ಒಂದು ಬಗೆ, ಅಂಗಡಿಯಿಂದ ರೆಡಿ ಕುಚ್ಚು ತಂದು ಹೊಲಿಸೋದು ಇನ್ನೊಂದು. ಕಾರ್ಪೆಟ್ಟಿನಲ್ಲೂ ಹಾಗೇ. ಕೈಗಂಟಿನದರ ಕುಚ್ಚು ಬೇರೆಯಲ್ಲ, ಅದು ಹಾಸಿನ ಎಳೆಗಳದೇ ತುದಿ. ಕೊನೆಯ ಗಂಟಿನ ಸಾಲು ಮುಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಅಗಲಕ್ಕೆ ಬರೀ ಹಾಸು ಹೊಕ್ಕಿನ ಚಪ್ಪಟೆ ನೇಯ್ಗೆ ಇರುತ್ತೆ, ನಮ್ಮ ಜಮಖಾನದ ಹಾಗೆ. ಅದರಿಂದಾಚೆ ಹಾಸಿನ ಎಳೆ ಹೊರಗೆ ಬಂದು ಕುಚ್ಚಾಗುತ್ತೆ. ನಿಮ್ಮ ಮೂರನೇ ಫೋಟೋದಲ್ಲಿ ಕುಚ್ಚು ಒಂದು ಪಟ್ಟಿಗೆ ಅಂಟಿಕೊಂಡಿದೆ, ಆ ಪಟ್ಟಿಯನ್ನು ಬಿಳಿ ದಾರದಲ್ಲಿ ಮಷೀನ್ ಹೊಲಿಗೆ ಹಾಕಿ ಕೂರಿಸಿದ್ದಾರೆ.

ಆದರೆ ಕುಚ್ಚೊಂದನ್ನೇ ನಂಬಿ ತೀರ್ಪು ಕೊಡಬೇಡಿ. ನಾನು ಹಾಗೆ ಕೊಟ್ಟು ಒಬ್ಬರಿಗೆ ಅನ್ಯಾಯ ಮಾಡಿದ್ದೀನಿ. ಚಿತ್ರದುರ್ಗದಲ್ಲೇ ಒಂದು ಹಳೆ ಮನೆಗೆ ತೊಳೆಯೋಕೆ ಹೋಗಿದ್ದೆ. ಉಯ್ಯಾಲೆ ಕೆಳಗೆ ಹಾಸಿದ್ದ ಕಾರ್ಪೆಟ್ಟಿನ ಕುಚ್ಚು ಹೊಲಿದದ್ದು ಅಂತ ಕಂಡ ತಕ್ಷಣ "ಇದು ಮಷೀನಿಂದು ಅಮ್ಮ, ತೊಳೆಸೋ ಖರ್ಚು ದಂಡ" ಅಂದೆ. ಅವರು ಅದನ್ನು ಬಾಗಿಲ ಹೊರಗೆ ಚಪ್ಪಲಿ ಬಿಡೋ ಜಾಗಕ್ಕೆ ಹಾಕಿಬಿಟ್ಟರು. ಮುಂದಿನ ವರ್ಷ ಬೇರೆ ಕೆಲಸಕ್ಕೆ ಹೋದಾಗ ಮೂಲೆ ಮಡಚಿಕೊಂಡು ಬಿದ್ದಿತ್ತು. ಹಿಂಬದಿ ನೋಡಿದರೆ ಒಂದೊಂದೇ ಕಾಳು, ಓರೆಕೋರೆ ಸಾಲು, ಅಪ್ಪಟ ಕೈಗಂಟು. ಹಳೆಯ ಕುಚ್ಚು ಸವೆದುಹೋಗಿ ಯಾರೋ ಹೊಸದು ಹೊಲಿಸಿದ್ದರು. ಅಷ್ಟರಲ್ಲಿ ಮಳೆನೀರು ಕುಡಿದು ಒಂದು ಬದಿಯ ಹಾಸು ಕೊಳೆತಿತ್ತು, ಬಗ್ಗಿಸಿದರೆ ಲಟಲಟ ಮುರಿಯುತ್ತಿತ್ತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಅದಾದ ಮೇಲೆ ಹಿಂಬದಿ ನೋಡದೆ ನಾನು ಬಾಯಿ ಬಿಡಲ್ಲ. ಇದರ ಉಲ್ಟಾ ಕೂಡ ಉಂಟು. ಕೆಲವು ಮಷೀನ್ ಕಾರ್ಪೆಟ್ಟಿನಲ್ಲಿ ಅದರದೇ ಹಾಸನ್ನು ಉದ್ದ ಬಿಟ್ಟು ಕುಚ್ಚು ಮಾಡಿರ್ತಾರೆ. ಅಲ್ಲಿ ಕುಚ್ಚು ಮೈಯಿಂದಲೇ ಬಂದಿದ್ದರೂ ಕಾರ್ಪೆಟ್ಟು ಮಷೀನಿನದೇ.

ಬಣ್ಣದ ಏರುಪೇರಿಗೆ ಬರ್ತೀನಿ. ಇದನ್ನು ಅಬ್ರಶ್ ಅಂತಾರೆ. ಒಂದು ಬಾಣಲೆಯಲ್ಲಿ ಅದ್ದಿದ ಉಣ್ಣೆ ಮುಗಿದು ಇನ್ನೊಂದು ಬಾಣಲೆಯ ಉಣ್ಣೆ ಶುರುವಾದ ಸಾಲಿನಲ್ಲಿ ಹಿನ್ನೆಲೆಯ ಬಣ್ಣ ತುಸು ಬದಲಾಗುತ್ತೆ. ಅದು ಅಡ್ಡಕ್ಕೆ, ಗಂಟಿನ ಸಾಲಿನ ಗುಂಟವೇ ಹೋಗುತ್ತೆ, ಎಲ್ಲಿ ಬೇಕಾದರೂ ಬರಬಹುದು. ಜನಕ್ಕೆ ಇದು ಇಷ್ಟ ಅಂತ ಗೊತ್ತಾಗಿ ಮಷೀನ್ ಡಿಸೈನಿನೊಳಗೇ ಇದನ್ನು ಬರೆದು ಸೇರಿಸ್ತಾರೆ. ನಿಮ್ಮ ನಾಲ್ಕನೇ ಫೋಟೋದಲ್ಲಿ ಇಡೀ ಕಾರ್ಪೆಟ್ಟು ಇದೆ. ಮೇಲಿನ ಅಂಚಿನಿಂದ ಸುಮಾರು ಒಂದಡಿಗೆ ಒಂದು ತಿಳಿ ಕೆಂಪು ಪಟ್ಟೆ. ಕೆಳಗಿನ ಅಂಚಿನಿಂದಲೂ ಅಷ್ಟೇ ದೂರಕ್ಕೆ, ಅಷ್ಟೇ ದಪ್ಪದ ಪಟ್ಟೆ. ಉಣ್ಣೆಯ ಬಾಣಲೆ ಹೀಗೆ ಕನ್ನಡಿ ಹಿಡಿದ ಹಾಗೆ ಎರಡು ಸಲ ಮುಗಿಯಲ್ಲ. ಅದೇ ಫೋಟೋದಲ್ಲಿ ಎಡ ಮೂಲೆಯ ಹೂವಿನ ದಳ ಬಲ ಮೂಲೆಯದಕ್ಕೆ ತಾಳೆ ಹಾಕಿ ನೋಡಿದೆ. ಸುರುಳಿ ಬಾಗುವ ಜಾಗ, ಎಲೆಯ ತುದಿಯ ಮೆಟ್ಟಿಲು ಎಲ್ಲ ಒಂದೇ. ಕೈಯಲ್ಲಾದರೆ ಒಂದೆರಡು ಗಂಟು ಆಚೀಚೆ ಆಗಿ ಒಂದು ಎಲೆ ಸ್ವಲ್ಪ ಕುಳ್ಳಗೆ, ಇನ್ನೊಂದು ಉದ್ದ ಬರುತ್ತೆ. ಕಾಶ್ಮೀರದಲ್ಲಿ ಯಾವ ಬಣ್ಣದ ಎಷ್ಟು ಗಂಟು ಅಂತ ತಾಲೀಮ್ ಅನ್ನೋ ಸಂಕೇತಲಿಪಿಯಲ್ಲಿ ಬರೆದಿಟ್ಟುಕೊಂಡು ನೋಡಿ ಕಟ್ತಾರೆ, ಹಾಗಾಗಿ ಅಲ್ಲಿನ ಒಳ್ಳೆ ಕೆಲಸದಲ್ಲಿ ತಪ್ಪು ತುಂಬ ಕಡಿಮೆ. ಆದರೂ ಪಂಜಾದ ಹೊಡೆತದ ವ್ಯತ್ಯಾಸ ಬಂದೇ ಬರುತ್ತೆ.

ಬೆಲೆಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. 4×6 ಅಂದರೆ 24 ಚದರಡಿ, ಅಂದರೆ 3,456 ಚದರ ಇಂಚು. ಚದರ ಇಂಚಿಗೆ 200 ಅಂದರೆ ಹತ್ತಿರ ಹತ್ತಿರ ಏಳು ಲಕ್ಷ ಗಂಟು. ಪಳಗಿದ ಕೈ ದಿನಕ್ಕೆ 8,000 ಕಟ್ಟುತ್ತೆ ಅಂತ ಹಿಡಿದರೂ ಒಬ್ಬ ನೇಕಾರನಿಗೆ 86 ದಿನದ ಕೆಲಸ. 14 ಸಾವಿರವನ್ನು ಅದಕ್ಕೆ ಹಂಚಿದರೆ ದಿನಕ್ಕೆ 163 ರೂಪಾಯಿ. ಉಣ್ಣೆ, ಬಣ್ಣ, ಲಾರಿ ಬಾಡಿಗೆ, ಹಾಲ್ ಬಾಡಿಗೆ, ಮಾರೋರ ಲಾಭ ಎಲ್ಲ ಅದರೊಳಗೇ ಬರಬೇಕು. ಹೊಸ ಮಾಲಿಗೆ ಈ ಲೆಕ್ಕ ಕೂಡಲ್ಲ. ಬಳಸಿ ಸವೆದದ್ದಾದರೆ ಕಡಿಮೆಗೂ ಸಿಗಬಹುದು, ಆದರೆ ಅವರು ನಿಮಗೆ ಹೊಸದು ಅಂತಲೇ ಹೇಳಿದ್ದಾರಲ್ಲ.

ಮೇಲೆದ್ದಿರೋ ಎಳೆ ಉಣ್ಣೆಯೋ, ಕೃತಕ ರೇಷ್ಮೆಯೋ, ಪ್ಲಾಸ್ಟಿಕ್ಕೋ ಅನ್ನೋದು ಮಾತ್ರ ಫೋಟೋದಲ್ಲಿ ಹೇಳೋಕಾಗಲ್ಲ. ಅದಕ್ಕೆ ಉದುರಿದ ಎಳೆ ಒಂದೆರಡು ತಂದು ಮನೆಯಲ್ಲಿ ಕಡ್ಡಿ ಗೀರಿ ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದ ಸುಟ್ಟ ಹಾಗಿದ್ದರೆ ಕೃತಕ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್.

ಬಣ್ಣ ಇಷ್ಟವಾಗಿ ಹಾಲ್‌ಗೆ ಹಾಸೋಕೆ ಬೇಕು ಅಂದರೆ ಮಷೀನ್ ಕಾರ್ಪೆಟ್ಟಿನ ಬೆಲೆ ಕೇಳಿ ತಗೊಳ್ಳಿ, ತಪ್ಪೇನಿಲ್ಲ. ಕೈಗಂಟಿನದೇ ಬೇಕು ಅಂದರೆ ನಾಳೆ ಹೋಗಿ ಅವರ ಹತ್ತಿರ ಇರೋ ಬೇರೆ ಮಾಲಿನ ಹಿಂಬದಿ ಮೂಲೆಯನ್ನು ಬೆಳಕಿಗೆ ಓರೆ ಹಿಡಿದು, ಟೇಪ್ ಇಟ್ಟು, ಕುಚ್ಚು ಮೈಗೆ ಸೇರೋ ಜಾಗ ಕಾಣೋ ಹಾಗೆ ಒಂದು ಫೋಟೋ ತೆಗೀರಿ. ಸಂಜೆ ಏಳರ ಮೇಲೆ ನಾನು ಫ್ರೀ ಇರ್ತೀನಿ, ಇಲ್ಲೇ ಹಾಕಿ, ನೋಡಿ ಹೇಳ್ತೀನಿ.